ಮೊಡವೆ ತೆಗೆಯಲು ಬ್ಲರ್ ಸಾಲದು

"ಫ್ರೀಕ್ವೆನ್ಸಿ ಸೆಪರೇಶನ್ ಮಾಡಿ ಬಣ್ಣದ ಲೇಯರ್ ಬ್ಲರ್ ಮಾಡಿದ್ರೆ ಸಾಕು, ಫೋಟೋದಲ್ಲಿ ಮೊಡವೆ ಹೋಗುತ್ತೆ, ಚರ್ಮ ಹಾಗೇ ಇರುತ್ತೆ."

ಇದು ಅರ್ಧ ನಿಜ. ಫ್ರೀಕ್ವೆನ್ಸಿ ಸೆಪರೇಶನ್ ಅಂದರೆ ಫೋಟೋವನ್ನು ಬಣ್ಣದ ಲೇಯರ್, ಟೆಕ್ಸ್ಚರ್ ಲೇಯರ್ ಎಂದು ಎರಡಾಗಿ ಬೇರ್ಪಡಿಸುವುದು. ಮೊಡವೆಯ ಕೆಂಪು ಬಣ್ಣದ ಲೇಯರ್‌ನಲ್ಲಿರುತ್ತದೆ, ನಿಜ. ಆದರೆ ಅದರ ಅಂಚು, ತುದಿಯ ಹೊಳಪು ಟೆಕ್ಸ್ಚರ್ ಲೇಯರ್‌ನಲ್ಲೇ ಉಳಿಯುತ್ತವೆ. ಬ್ಲರ್ ಮಾಡಿದಾಗ ಕೆಂಪು ಸುತ್ತಲೂ ಹರಡುತ್ತದೆ, ಅಷ್ಟೇ.

ಕೆನ್ನೆಯ ಮೇಲೆ ಒಂದೆರಡು ಮೊಡವೆ ಇದ್ದರೆ ಇಷ್ಟೆಲ್ಲ ಸುಮ್ನೆ ಯಾಕೆ? ಫೋಟೋಶಾಪ್‌ನಲ್ಲಿ ಖಾಲಿ ಲೇಯರ್ ಸೇರಿಸಿ. Healing Brush ತೆಗೆದುಕೊಂಡು Sample ಅನ್ನು Current & Below ಮಾಡಿ. ಬ್ರಷ್ ಮೊಡವೆಗಿಂತ ಸ್ವಲ್ಪ ದೊಡ್ಡದಿರಲಿ. Alt ಒತ್ತಿ, ಅದೇ ಕೆನ್ನೆಯಲ್ಲಿ ಬೆಳಕು ಅದೇ ಕಡೆಯಿಂದ ಬೀಳುವ ಜಾಗದ ಮೇಲೆ ಕ್ಲಿಕ್ ಮಾಡಿ, ಆಮೇಲೆ Alt ಬಿಟ್ಟು ಮೊಡವೆಯ ಮೇಲೆ ಬ್ರಷ್ ಆಡಿಸಿ. ಹಣೆಯಿಂದ ಎತ್ತಿದರೆ ರಂಧ್ರಗಳ ಗಾತ್ರ ಹೊಂದುವುದಿಲ್ಲ. ಈ ಬ್ರಷ್ ಅಲ್ಲಿಂದ ಟೆಕ್ಸ್ಚರ್ ತರುತ್ತದೆ, ಬಣ್ಣವನ್ನು ಸುತ್ತಲಿನ ಚರ್ಮಕ್ಕೆ ಹೊಂದಿಸುತ್ತದೆ.

ತುಟಿ ಅಥವಾ ಕೂದಲಿನ ಅಂಚಿನಲ್ಲಿ ಮಾತ್ರ ಇದು ಕೊಳೆಯಂತೆ ಬಣ್ಣ ಮೆತ್ತುತ್ತದೆ. ಅಲ್ಲಿ Clone Stamp ವಾಸಿ.

ಮುಗಿದ ಮೇಲೆ 100% ಝೂಮ್‌ನಲ್ಲಿ ನೋಡಿ. ಒಂದೇ ಥರದ ಚುಕ್ಕೆ ಎರಡು ಕಡೆ ಕಂಡರೆ ಬೇರೆ ಜಾಗದಿಂದ ಮತ್ತೆ ಎತ್ತಿ. ಮಚ್ಚೆಯನ್ನು ಮುಟ್ಟಬೇಡಿ, ಅದು ಅವರ ಮುಖದ್ದೇ ಅಲ್ವಾ.