ಇನ್‌ಕ್ರಿಮೆಂಟ್ ಎಲ್ಲ ಸ್ಪೆಷಲ್ ಅಲೊವೆನ್ಸ್‌ಗೆ, ಬೇಸಿಕ್ ಮಾತ್ರ ಅಲ್ಲೇ

ಒಂಬತ್ತು ವರ್ಷ ದುಡಿದ ಕಂಪನಿ ಬಿಟ್ಟೆ. ಸಂಬಳ 42,000. ಗ್ರಾಚ್ಯುಟಿ ಲಕ್ಷದ ಮೇಲೆ ಬರುತ್ತದೆ ಅಂತ ಮನೆಯಲ್ಲಿ ಹೇಳಿಕೊಂಡು ಓಡಾಡಿದ್ದೆ. ಬ್ಯಾಂಕಿಗೆ ಬಂದದ್ದು 62,307. ತಪ್ಪು ಲೆಕ್ಕ ಅಂತ ಎಚ್‌ಆರ್‌ಗೆ ಫೋನ್ ಮಾಡಿದರೆ, "ಸರ್, ನಿಮ್ಮ ಬೇಸಿಕ್ 12,000 ಅಲ್ವಾ" ಅಂದರು.

ಹೌದು, ಪೇಸ್ಲಿಪ್‌ನಲ್ಲಿ ಹಾಗೇ ಇತ್ತು. ಬೇಸಿಕ್ 12,000, ಮನೆ ಬಾಡಿಗೆ ಭತ್ಯೆ 6,000, ಓಡಾಟಕ್ಕೆ 4,000, ಇನ್ನುಳಿದ 20,000 ಪೂರ್ತಿ ಸ್ಪೆಷಲ್ ಅಲೊವೆನ್ಸ್. ಅದರಲ್ಲಿ ಏನು ಸ್ಪೆಷಲ್ಲೋ ದೇವರಿಗೇ ಗೊತ್ತು, ಆಫೀಸ್‌ನಲ್ಲಿ ಎಲ್ಲರಿಗೂ ಬರುತ್ತಿತ್ತು! ಪ್ರತಿ ವರ್ಷ ಇನ್‌ಕ್ರಿಮೆಂಟ್ ಅಂತ ಸ್ವೀಟ್ ಹಂಚಿದೆವಲ್ಲ, ಅದೆಲ್ಲ ಆ ಒಂದೇ ಸಾಲಿಗೆ ಹೋಗಿ ಸೇರುತ್ತಿತ್ತು. ನಾನು ಕೊನೆಯ ಸಾಲು ಮಾತ್ರ ನೋಡುತ್ತಿದ್ದೆ, ಕೈಗೆ ಎಷ್ಟು ಬಂತು ಅಂತ.

ಗ್ರಾಚ್ಯುಟಿಗೆ ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆ ಹಿಡಿದು, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸುತ್ತಾರೆ. ನನಗೆ ತುಟ್ಟಿಭತ್ಯೆ ಇರಲೇ ಇಲ್ಲ. ಅದೇ 42,000ದಲ್ಲಿ ಬೇಸಿಕ್ ಅರ್ಧ, ಅಂದರೆ 21,000 ಇದ್ದಿದ್ದರೆ 1,09,038 ಬರುತ್ತಿತ್ತು. ಬರೀ ಒಂದು ಸಾಲಿನ ಹೆಸರಿಗೆ 46,000 ಚಿಲ್ಲರೆ ಹೋಯಿತು.

ಪಿಎಫ್‌ದೂ ಅದೇ ಕತೆ. 12,000ಕ್ಕೆ 12 ಪರ್ಸೆಂಟ್, ಅಂದರೆ ನನ್ನದು 1,440, ಕಂಪನಿಯದೂ 1,440. ಕಂಪನಿಯ ದುಡ್ಡಿನಲ್ಲಿ ಸುಮಾರು 1,000 ಪಿಂಚಣಿ ಖಾತೆಗೆ. ಎಲ್ಲರಿಗೂ ಒಂದೇ ರೀತಿ ಕೊಡುವ ಸ್ಪೆಷಲ್ ಅಲೊವೆನ್ಸ್‌ಅನ್ನೂ ಪಿಎಫ್ ಲೆಕ್ಕಕ್ಕೆ ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗೆ ಸೇರಿಸಿದ್ದರೆ ಕಡೇಪಕ್ಷ 15,000ದ ಮಿತಿವರೆಗಾದರೂ ಕಟ್ಟಬೇಕಿತ್ತು, ಇಬ್ಬರದೂ 1,800 ಆಗುತ್ತಿತ್ತು. ಈ 360 ರೂಪಾಯಿ ಉಳಿಸೋಕೆ ಇಷ್ಟು ನಾಟಕ!

ಪಿಂಚಣಿ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಲ್ಲಿ ಸಾಮಾನ್ಯವಾಗಿ 15,000ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಬೇಸಿಕ್ 15,000 ದಾಟಿದವರಿಗೆ ಅದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ. ಪೆಟ್ಟು ಬೀಳುವುದು ನನ್ನಂಥ 12,000ದವರಿಗೆ. ಕೊನೆಯ 60 ತಿಂಗಳ ಸರಾಸರಿಯನ್ನು ಸರ್ವಿಸ್‌ನಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಸರ್ವಿಸ್ 15 ವರ್ಷ ಆಯಿತು ಅಂದುಕೊಂಡರೆ, ನನ್ನಂಥವರಿಗೆ ತಿಂಗಳಿಗೆ 2,571, ಬೇಸಿಕ್ 15,000 ಇದ್ದವರಿಗೆ 3,214. ಸಾಯುವ ತನಕ ಪ್ರತಿ ತಿಂಗಳು.

ಸೇರುವಾಗ ಕೇಳಿದ್ದೆ, ಬೇಸಿಕ್ ಯಾಕಿಷ್ಟು ಕಡಿಮೆ ಅಂತ. "ನಿಮಗೇ ಒಳ್ಳೇದು ಸರ್, ಕೈಗೆ ಜಾಸ್ತಿ ಬರುತ್ತೆ" ಅಂದಿದ್ದರು. ಹೊಸ ವೇತನ ಸಂಹಿತೆ 2025ರ ನವೆಂಬರ್ 21ಕ್ಕೆ ಜಾರಿಯಾಯಿತು, ಭತ್ಯೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಹೆಚ್ಚಾದದ್ದನ್ನು ವೇತನಕ್ಕೇ ಸೇರಿಸಬೇಕಂತೆ. ನಾನು ಕೆಲಸ ಬಿಟ್ಟದ್ದು ಅದಕ್ಕೂ ಮೊದಲು.

ಮೊನ್ನೆ ಹೊಸ ಕಡೆ ಆಫರ್ ಲೆಟರ್ ಬಂತು. ಒಟ್ಟು ಸಂಬಳ ಎಷ್ಟು ಅಂತ ಹೆಂಡತಿ ಕೇಳಿದಳು. "ತಡಿ, ಮೊದಲು ಬೇಸಿಕ್ ನೋಡ್ತೀನಿ" ಅಂದೆ.