ಎಳನೀರಿಗೆ ಚಿಟಿಕೆ ಉಪ್ಪು ಸಾಲದು, ತೂಕ ಮಾಡಿ ಹಾಕಿ

"ಎಳನೀರಿನಲ್ಲಿ ಎಲೆಕ್ಟ್ರೊಲೈಟ್ ಸ್ಪೋರ್ಟ್ಸ್ ಡ್ರಿಂಕ್‌ಗಿಂತ ಎಷ್ಟೋ ಪಟ್ಟು ಜಾಸ್ತಿ" ಅನ್ನುವ ಪೋಸ್ಟ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಲೆಕ್ಕ ಸುಳ್ಳಲ್ಲ. ಆದರೆ ಯಾವ ಎಲೆಕ್ಟ್ರೊಲೈಟ್ ಜಾಸ್ತಿ ಅಂತ ಯಾರೂ ಕೇಳುವುದಿಲ್ಲ. ಎಳನೀರಿನಲ್ಲಿ ತುಂಬಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪಿನ ಅಂಶ. ಇಡೀ ಚರ್ಚೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಹೆಚ್ಚುಕಡಿಮೆ 500ರಿಂದ 1,800 ಮಿಲಿಗ್ರಾಂ ಇರುತ್ತದೆ. ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಬೆವರು ಒಣಗಿದ ಮೇಲೆ ಟೀ ಶರ್ಟ್ ಮೇಲೆ, ಟೋಪಿಯ ಅಂಚಿನಲ್ಲಿ ಬಿಳಿ ಗೆರೆ ಮೂಡಿದರೆ, ಹುಬ್ಬಿನಿಂದ ಇಳಿದ ಹನಿ ಕಣ್ಣಿಗೆ ಉರಿ ತಂದರೆ, ಉಪ್ಪು ಹೆಚ್ಚು ಕಳೆದುಕೊಳ್ಳುವ ಮೈ ಅಂತ ಅಂದಾಜು ಮಾಡಬಹುದು. ಅದೇ ಬೆವರಿನಲ್ಲಿ ಪೊಟ್ಯಾಸಿಯಂ ಮಾತ್ರ ಲೀಟರಿಗೆ ಸುಮಾರು 200 ಮಿಲಿಗ್ರಾಂ, ಅಷ್ಟೇ.

ಎಳನೀರಿನದು ಇದರ ತಿರುಗುಮುರುಗು. ಲೀಟರಿಗೆ ಪೊಟ್ಯಾಸಿಯಂ 2,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಸೋಡಿಯಂ ಮಾತ್ರ ಮರ, ಮಣ್ಣು, ಕಾಯಿಯ ಎಳಸುತನ ನೋಡಿಕೊಂಡು ಏರಿಳಿಯುತ್ತದೆ. 250 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಲೀಟರಿಗೆ ಸೋಡಿಯಂ ಸುಮಾರು 450, ಪೊಟ್ಯಾಸಿಯಂ ಸುಮಾರು 120 ಮಿಲಿಗ್ರಾಂ, ಜೊತೆಗೆ 60 ಗ್ರಾಂ ಸಕ್ಕರೆ.

ಈಗ ಒಂದು ಲೆಕ್ಕ ಹಾಕೋಣ. ಒಬ್ಬ ಓಟಗಾರ ಬಿಸಿಲಿನಲ್ಲಿ ಒಂದೂವರೆ ಗಂಟೆ ಓಡಿದ. ಓಡುವ ಮುಂಚೆ ತೂಕ 68.0 ಕೆಜಿ. ಓಡಿ ಬಂದು ಬೆವರು ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ನಿಂತಾಗ 66.6. ನಡುವೆ 400 ಮಿಲಿಲೀಟರ್ ನೀರು ಕುಡಿದಿದ್ದ. ಹಾಗಾದರೆ ಬೆವರಾಗಿ ಹೋದದ್ದು 1.8 ಲೀಟರ್. ಅವನ ಬೆವರಿನ ಸೋಡಿಯಂ ಲೀಟರಿಗೆ 1,000 ಮಿಲಿಗ್ರಾಂ ಅಂತ ಹಿಡಿದರೆ 1,800 ಮಿಲಿಗ್ರಾಂ ಸೋಡಿಯಂ, 360 ಮಿಲಿಗ್ರಾಂ ಪೊಟ್ಯಾಸಿಯಂ ಖರ್ಚಾಗಿದೆ.

ಕಡಿಮೆಯಾದ ತೂಕ 1.4 ಕೆಜಿ. ಬೇಗ ಚೇತರಿಸಿಕೊಳ್ಳಬೇಕಾದರೆ ಅದರ ಒಂದೂವರೆ ಪಟ್ಟು, ಅಂದರೆ 2.1 ಲೀಟರ್ ಕುಡಿಯಬೇಕು. ಯಾಕೆ ಒಂದೂವರೆ ಪಟ್ಟು ಅಂದರೆ, ಕುಡಿದದ್ದರಲ್ಲಿ ಒಂದಷ್ಟು ಮೂತ್ರವಾಗಿ ಹೋಗಿಯೇ ಹೋಗುತ್ತದೆ. ಅಷ್ಟನ್ನೂ ಬರೀ ಎಳನೀರಿನಲ್ಲೇ ತುಂಬಿಸಿದರೆ ಅವನಿಗೆ ಸಿಗುವ ಸೋಡಿಯಂ 525 ಮಿಲಿಗ್ರಾಂ, ಕಳೆದುಕೊಂಡದ್ದರ ಮೂರನೇ ಒಂದು ಭಾಗವೂ ಅಲ್ಲ. ಪೊಟ್ಯಾಸಿಯಂ ಮಾತ್ರ 4,000 ಮಿಲಿಗ್ರಾಂ ದಾಟುತ್ತದೆ, ಹೋದದ್ದರ ಹತ್ತು ಪಟ್ಟಿಗೂ ಹೆಚ್ಚು. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಸೋಡಿಯಂ 945 ಮಿಲಿಗ್ರಾಂ, ಅದೂ ಅರ್ಧಕ್ಕೆ ಬಂದು ನಿಂತಿತು. ಜೊತೆಗೆ 126 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ದೀರ್ಘ ಓಟದ ನಡುವೆ ಆ ಸಕ್ಕರೆಗೆ ಕೆಲಸವಿದೆ. ಓಟ ಮುಗಿಸಿ ಕೂತವನಿಗೆ ಅಷ್ಟೊಂದು ಬೇಕಿಲ್ಲ.

ಸೋಡಿಯಂ ಕಡಿಮೆಯಾದರೆ ಏನು ತೊಂದರೆ? ನೀರು ಮೈಯಲ್ಲಿ ನಿಲ್ಲುವುದಿಲ್ಲ. ರಕ್ತ ತೆಳುವಾದ ಕೂಡಲೇ ಬಾಯಾರಿಕೆ ಅಡಗುತ್ತದೆ, ಮೂತ್ರಪಿಂಡ ಹೆಚ್ಚಿನ ನೀರನ್ನು ಹೊರಗೆ ಬಿಡುತ್ತದೆ. ಕುಡಿದ ಒಂದು ಗಂಟೆಯಲ್ಲಿ ಮೂತ್ರ ನೀರಿನಷ್ಟೇ ತಿಳಿಯಾಗಿ, ಪದೇ ಪದೇ ಹೋಗುವಂತಾದರೆ "ಮೈಗೆ ನೀರು ಸೇರಿತು" ಅಂದುಕೊಳ್ಳುತ್ತೇವೆ. ತಕ್ಕಡಿ ಮೇಲೆ ನಿಂತರೆ ತೂಕ ಇನ್ನೂ ಒಂದು ಕೆಜಿ ಕಡಿಮೆ ತೋರಿಸುತ್ತಿರುತ್ತದೆ. ಮೂತ್ರದ ಬಣ್ಣಕ್ಕಿಂತ ಆಗ ತಕ್ಕಡಿಯ ಮಾತನ್ನೇ ನಂಬಬೇಕು.

ಹಾಗಂತ ಎಳನೀರನ್ನು ಬದಿಗಿಡಿ ಅಂತ ನಾನು ಹೇಳುವುದಿಲ್ಲ. ಅದರ ಕೊರತೆ ಒಂದೇ, ಅದನ್ನು ಅಡುಗೆಮನೆಯಲ್ಲೇ ಸರಿಮಾಡಬಹುದು. 2007ರಲ್ಲಿ ಮಲೇಷ್ಯಾದ ಸಂಶೋಧಕರು ಎಳನೀರಿಗೆ ಸೋಡಿಯಂ ಸೇರಿಸಿ, ವ್ಯಾಯಾಮ ಮಾಡಿ ಬೆವರಿಳಿಸಿದವರಿಗೆ ಕುಡಿಸಿ ನೋಡಿದರು. ಮೈಗೆ ನೀರು ತುಂಬಿಕೊಡುವುದರಲ್ಲಿ ಅದು ಸ್ಪೋರ್ಟ್ಸ್ ಡ್ರಿಂಕ್‌ಗೆ ಸಮನಾಗಿತ್ತು, ಹೊಟ್ಟೆ ತೊಳಸುವುದು, ಉಬ್ಬರಿಸುವುದು ಕಡಿಮೆ ಇತ್ತು.

ಮೇಲಿನ ಓಟಗಾರನಿಗೆ ನಾನು ಹೇಳುವ ಅಳತೆ ಇದು: ಒಂದು ಲೀಟರ್ ಎಳನೀರು, ಒಂದು ಲೀಟರ್ ಕುಡಿಯುವ ನೀರು, 4 ಗ್ರಾಂ ಪುಡಿ ಉಪ್ಪು. ಒಂದು ಗ್ರಾಂ ಉಪ್ಪಿನಲ್ಲಿ ಸೋಡಿಯಂ ಸುಮಾರು 390 ಮಿಲಿಗ್ರಾಂ ಇರುವುದರಿಂದ, ಎಳನೀರಿನದೂ ಸೇರಿ ಒಟ್ಟು 1,800ರ ಹತ್ತಿರ ಬರುತ್ತದೆ. ಪೊಟ್ಯಾಸಿಯಂ ಅರ್ಧಕ್ಕೆ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಬಾಯಿಗೆ ಸ್ವಲ್ಪ ಉಪ್ಪುಪ್ಪು ಅನ್ನಿಸುತ್ತದೆ, ಅನ್ನಿಸಲೇಬೇಕು. ಒಂದು ಚಿಟಿಕೆಯಲ್ಲಿ ಅರ್ಧ ಗ್ರಾಂ ಉಪ್ಪೂ ಇರುವುದಿಲ್ಲ, ಅದರಿಂದ ರುಚಿ ಬದಲಾಗುತ್ತದೆಯೇ ಹೊರತು ಲೆಕ್ಕ ಬದಲಾಗುವುದಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಚಮಚದಲ್ಲಿ. ಪುಡಿ ಉಪ್ಪಾದರೆ ಟೀ ಚಮಚಕ್ಕೆ ಸಮತಟ್ಟಾಗಿ ತುಂಬಿದಾಗ 5–6 ಗ್ರಾಂ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುವುದರಿಂದ ಅದೇ ಚಮಚದಲ್ಲಿ ತೂಕ ಬೇರೆ. ಅದಕ್ಕೇ ಸಣ್ಣ ಡಿಜಿಟಲ್ ತಕ್ಕಡಿ ಬಳಸಿ ಅನ್ನುವುದು. ಉಪ್ಪನ್ನು ಮೊದಲು ಅರ್ಧ ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಬೆರೆಸಿ. ಹಾಗೇ ಸುರಿದರೆ ತಳದಲ್ಲಿ ಕೂತು ಕೊನೆಯ ಲೋಟ ವಾಂತಿ ಬರುವಷ್ಟು ಉಪ್ಪಾಗುತ್ತದೆ. ಒಂದೇ ಉಸಿರಿಗೆ ಕುಡಿಯದೆ ಕಾಲು ಗಂಟೆಗೆ ಸುಮಾರು 200 ಮಿಲಿಲೀಟರ್‌ನಂತೆ ಎರಡೂವರೆ ಗಂಟೆ ಹಂಚಿಕೊಳ್ಳಿ.

ಇಷ್ಟೆಲ್ಲ ಎಲ್ಲರಿಗೂ ಬೇಕಿಲ್ಲ. ಅರ್ಧ ಗಂಟೆ ನಡೆದು ಬಂದವರು, ಸ್ವಲ್ಪ ಹೊತ್ತಿಗೆ ಉಪ್ಪು ಹಾಕಿದ ಊಟ ಮಾಡುವವರು ಎಳನೀರನ್ನು ಹಾಗೇ ಕುಡಿಯಬಹುದು. ಸೋಡಿಯಂ ಊಟದಿಂದ ಬರುತ್ತದೆ. ಬಿಪಿ ಇದ್ದು ಉಪ್ಪು ಕಡಿಮೆ ಮಾಡಿ ಅಂತ ವೈದ್ಯರು ಹೇಳಿದ್ದರೆ ಈ ಮಿಶ್ರಣಕ್ಕೆ ಅವರನ್ನೇ ಕೇಳಿ.

ವಾಂತಿ ಭೇದಿಯ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಅಲ್ಲಿ ಎಳನೀರೂ ಬೇಡ, ಸ್ಪೋರ್ಟ್ಸ್ ಡ್ರಿಂಕೂ ಬೇಡ, ಓಆರ್‌ಎಸ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಸುಮಾರು 1,700 ಮಿಲಿಗ್ರಾಂ ಸೋಡಿಯಂ, 13.5 ಗ್ರಾಂ ಗ್ಲೂಕೋಸ್ ಇದೆ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತದೆ. ಸಕ್ಕರೆ ಮಿತಿಮೀರಿದರೆ ನೀರು ತಿರುಗಿ ಕರುಳಿಗೇ ಬಂದು ಭೇದಿ ಜೋರಾಗುತ್ತದೆ. ಮಗುವಿಗೆ ಭೇದಿಯಾದಾಗ ಬಾಟಲಿಯ ಬಣ್ಣದ ಪಾನೀಯ ಕುಡಿಸಬೇಡಿ ಅನ್ನುವುದು ಇದಕ್ಕೇ.

ಇನ್ನು ಪೊಟ್ಯಾಸಿಯಂ. ಮೂತ್ರಪಿಂಡ ಗಟ್ಟಿಯಿದ್ದರೆ ಹೆಚ್ಚಾದದ್ದನ್ನು ಅದು ಹೊರಹಾಕುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ದಿನವಿಡೀ ಬಿಸಿಲಿನಲ್ಲಿ ಟೆನಿಸ್ ಆಡುತ್ತಾ ಎಂಟು ಬಾಟಲಿ, ಅಂದರೆ ಸುಮಾರು 2.6 ಲೀಟರ್ ಎಳನೀರು ಕುಡಿದ 42 ವರ್ಷದ ವ್ಯಕ್ತಿಯೊಬ್ಬರ ಪ್ರಕರಣ 2014ರಲ್ಲಿ ಹೃದ್ರೋಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. ಅವರದು 9.7 ಇತ್ತು, ಹೃದಯದ ಬಡಿತವೇ ಹದ ತಪ್ಪಿತ್ತು. ಮೂತ್ರಪಿಂಡದ ಕಾಯಿಲೆ ಇರುವವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಥರದ, ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ಬಿಪಿ, ಹೃದಯದ ಮಾತ್ರೆ ನುಂಗುವವರು ಎಳನೀರನ್ನು ದಿನಕ್ಕೆ ಎಷ್ಟು ಕುಡಿಯಬಹುದು ಅಂತ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಇವರಿಗೆ ಅಪಾಯಕ್ಕೆ ಎಂಟು ಬಾಟಲಿಯೇ ಬೇಕೆಂದೇನಿಲ್ಲ.