ಶಾಲೆಯ ನೀಲಿ ಮಾತ್ರೆ: ಸತ್ಯಾಂಶ

“ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಮಾತ್ರೆ ತಿಂದ್ರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗಲ್ಲ. ಎಲ್ಲರಿಗೂ ಕಳಿಸಿ.”

ಸುಳ್ಳು. ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಗರ್ಭಿಣಿಯರಿಗೆ ದಿನವೂ ಕೊಡುವ ಕೆಂಪು ಮಾತ್ರೆಯಲ್ಲೂ ಇಷ್ಟೇ ಇರುತ್ತದೆ. ಮಗು ಬೇಕೆನ್ನುವವರಿಗೆ ಡಾಕ್ಟರ್ ಮೊದಲೇ ಬರೆದುಕೊಡುವುದೂ ಫೋಲಿಕ್ ಆಮ್ಲವನ್ನೇ. ಶಾಲೆಯಲ್ಲಿ ಹುಡುಗರಿಗೂ ಇದೇ ನೀಲಿ ಮಾತ್ರೆ ಕೊಡುತ್ತಾರೆ.

ಹಾಗಾದರೆ ಭಯ ಎಲ್ಲಿಂದ ಬಂತು? ಹೆಚ್ಚಾಗಿ ವಾಂತಿಯಿಂದ. ತಿಂಡಿ ತಿನ್ನದೆ ಬಂದ ಹುಡುಗಿ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಒಬ್ಬಳು ವಾಂತಿ ಮಾಡಿದರೆ ಗಾಬರಿಗೆ ಪಕ್ಕದವರಿಗೂ ಹಾಗೇ ಅನಿಸುತ್ತದೆ. ಅದಕ್ಕೇ ಬಿಸಿಯೂಟ ಆದಮೇಲೆ, ನೀರಿನ ಜೊತೆ ನುಂಗಿಸಬೇಕು. ಮಲ ಕಪ್ಪಾದರೆ ಹೆದರಬೇಡಿ, ಹೀರದೆ ಉಳಿದ ಕಬ್ಬಿಣ ಹೊರಹೋಗುತ್ತಿದೆ ಅಷ್ಟೇ. ಜೊತೆಗೆ ಟೀ ಕುಡಿದರೆ ಮಾತ್ರ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ನಿಜವಾದ ಅಪಾಯ ಬೇರೆ ಇದೆ. ಸಕ್ಕರೆ ಲೇಪ ಇರುವುದರಿಂದ ಪುಟ್ಟ ಮಕ್ಕಳು ಪೆಪ್ಪರಮಿಂಟ್ ಅಂದುಕೊಂಡು ಹಲವು ಮಾತ್ರೆ ನುಂಗಿದರೆ ಜೀವಕ್ಕೇ ಕುತ್ತು. ರಜೆಗೆ ಮನೆಗೆ ಕೊಟ್ಟ ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಾತ್ರೆ ತಪ್ಪದೆ ತಿಂದರೂ ಮಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಇದೆಯಾ? ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ; ವಾರಕ್ಕೊಂದು ಮಾತ್ರೆ ಸಾಲದು, ಚಿಕಿತ್ಸೆಯೇ ಬೇಕು.